ಸಿಮೆಂಟಿಗೆ ರೇಕ್ ಏಕೆ ಸಿಗುವುದಿಲ್ಲ, ಸಿಕ್ಕರೆ ಉಳಿಯುವುದೆಷ್ಟು?

ಪ್ರಶ್ನೆ: ನಾನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸಿಮೆಂಟಿನ ಸಗಟು ವ್ಯಾಪಾರಿ. ತಿಂಗಳಿಗೆ ಸುಮಾರು 3000 ಟನ್ ಸರಕನ್ನು ವಾಡಿ–ಸೇಡಂ ಕಡೆಯಿಂದ ಲಾರಿಯಲ್ಲಿ ತರಿಸುತ್ತಿದ್ದೇನೆ. ರೈಲಿನಲ್ಲಾದರೆ ಬಾಡಿಗೆ ಟನ್ನಿಗೆ 350 ರೂಪಾಯಿಯಷ್ಟು ಕಡಿಮೆ ಎಂದು ಹೇಳುತ್ತಾರೆ. ಕಾರ್ಖಾನೆಯವರನ್ನು ಕೇಳಿದರೆ ವ್ಯಾಗನ್ ಸಿಗುತ್ತಿಲ್ಲ ಎನ್ನುತ್ತಾರೆ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲಿನ ಗಾಡಿಗಳು ಒಂದರ ಹಿಂದೆ ಒಂದು ಬರುವುದನ್ನು ನಾನೇ ನೋಡಿದ್ದೇನೆ. ಹಾಗಿರುವಾಗ ಸಿಮೆಂಟಿಗೆ ಮಾತ್ರ ವ್ಯಾಗನ್ ಏಕಿಲ್ಲ? ರೈಲಿಗೆ ಬದಲಾಯಿಸಿಕೊಳ್ಳುವುದು ನನಗೆ ಲಾಭವೇ?

ಉತ್ತರ:

ಮೊದಲು ವ್ಯಾಗನ್ನಿನ ವಿಷಯ. ರಾಯಚೂರಿನಲ್ಲಿ ನೀವು ಕಂಡ ಗಾಡಿಯಲ್ಲಿ ಮೇಲೆ ಛಾವಣಿ ಇದ್ದಿರಲಾರದು. ಕಲ್ಲಿದ್ದಲು ಬರುವುದು ಬಾಕ್ಸ್‌ಎನ್ ಜಾತಿಯ ತೆರೆದ ವ್ಯಾಗನ್‌ಗಳಲ್ಲಿ, ಇಲ್ಲವೇ ತಳದಲ್ಲಿ ಬಾಗಿಲಿರುವ ಹಾಪರ್ ವ್ಯಾಗನ್‌ಗಳಲ್ಲಿ. ಚೀಲದ ಸಿಮೆಂಟಿಗೆ ಬೇಕಾಗುವುದು ಛಾವಣಿಯೂ ಪಕ್ಕದ ಬಾಗಿಲೂ ಇರುವ ಮುಚ್ಚಿದ ವ್ಯಾಗನ್, ಅಂದರೆ ಬಿಸಿಎನ್ ಅಥವಾ ಅದರ ಹೊಸ ರೂಪವಾದ ಬಿಸಿಎನ್‌ಎಚ್‌ಎಲ್. ಹೀಗಾಗಿ ತೆರೆದ ವ್ಯಾಗನ್ ಎಷ್ಟೇ ಬಿಡುವಾಗಿದ್ದರೂ ಅದರಿಂದ ನಿಮಗೆ ನೇರ ಪ್ರಯೋಜನವಿಲ್ಲ. ಸಿಮೆಂಟು ಪೈಪೋಟಿ ನಡೆಸಬೇಕಾದದ್ದು ಕಲ್ಲಿದ್ದಲಿನೊಂದಿಗಲ್ಲ, ಅಕ್ಕಿ, ಗೋಧಿ ಮತ್ತು ರಸಗೊಬ್ಬರದೊಂದಿಗೆ, ಏಕೆಂದರೆ ಅವೂ ಇದೇ ಮುಚ್ಚಿದ ವ್ಯಾಗನ್‌ಗಳನ್ನೇ ಬೇಡುತ್ತವೆ. ಏಪ್ರಿಲ್ ಬಂತೆಂದರೆ ಪಂಜಾಬ್, ಹರಿಯಾಣಗಳಲ್ಲಿ ಗೋಧಿ ಖರೀದಿ ಶುರುವಾಗುತ್ತದೆ. ಜೂನಿನಿಂದ ಬಂದರುಗಳಿಂದಲೂ ಗೊಬ್ಬರದ ಕಾರ್ಖಾನೆಗಳಿಂದಲೂ ಯೂರಿಯಾ ಹೊರಡಬೇಕಾಗುತ್ತದೆ. ಕಟ್ಟಡ ಕೆಲಸ ಭರದಿಂದ ಸಾಗುವುದು ಜನವರಿಯಿಂದ ಮೇವರೆಗೆ. ಅದರ ಮೇಲೆ ಮಾರ್ಚ್ ತಿಂಗಳಲ್ಲಿ ವರ್ಷದ ಗುರಿ ಮುಟ್ಟಿಸುವ ಧಾವಂತದಲ್ಲಿ ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ವ್ಯಾಗನ್ ಬೇಡಿಕೆಯ ಇಂಡೆಂಟ್ ಹಾಕುತ್ತವೆ. ನಿಮಗೆ ಸರಕು ತೀರಾ ಬೇಕಾದ ವಾರದಲ್ಲೇ ವ್ಯಾಗನ್ ಇಲ್ಲವೆಂಬ ಉತ್ತರ ಬರುವುದಕ್ಕೆ ಇದೊಂದು ಕಾರಣ.

ವ್ಯಾಗನ್ ಬೇರೆಯಾದರೂ ಎಂಜಿನ್, ಚಾಲಕ ಸಿಬ್ಬಂದಿ ಮತ್ತು ಹಳಿ ಎರಡಕ್ಕೂ ಒಂದೇ ಎಂಬುದು ನಿಜ. ಇಂಡೆಂಟುಗಳನ್ನು ರೈಲ್ವೆ ನೋಂದಣಿಯ ದಿನಾಂಕದ ಪ್ರಕಾರವೇ ಪರಿಗಣಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು, ಆದರೆ ಆ ಸರದಿಯ ಮೇಲೆ ಆದ್ಯತೆಯ ಆದೇಶವೊಂದಿದೆ. ಸೇನೆಯ ಸಾಮಾನು, ಪರಿಹಾರ ಸಾಮಗ್ರಿ, ಆಹಾರಧಾನ್ಯಗಳಂಥವಕ್ಕೆ ಅದರಲ್ಲಿ ಮೇಲಿನ ಸ್ಥಾನ, ಸಿಮೆಂಟಿಗೆ ಕೆಳಗಿನ ಸಾಲು. ವಿದ್ಯುತ್ ಸ್ಥಾವರಗಳ ದಾಸ್ತಾನು ಕುಸಿದಾಗ ಕಲ್ಲಿದ್ದಲು ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಕಲ್ಲಿದ್ದಲಿನ ಗಾಡಿಗಳಿಗೆ ದಾರಿ ಬಿಡುವುದಕ್ಕಾಗಿ ಪ್ರಯಾಣಿಕರ ರೈಲುಗಳನ್ನೇ ರದ್ದು ಮಾಡಿದ್ದು ನಿಮಗೆ ನೆನಪಿರಬಹುದು. ಅಂಥ ವಾರಗಳಲ್ಲಿ ಮುಚ್ಚಿದ ವ್ಯಾಗನ್‌ಗಳ ರೇಕ್, ಅಂದರೆ ಒಂದು ಗಾಡಿಯಷ್ಟು ವ್ಯಾಗನ್‌ಗಳ ಜೋಡಣೆ, ಯಾರ್ಡಿನಲ್ಲೇ ಇದ್ದರೂ ಅದನ್ನು ಎಳೆಯುವ ಎಂಜಿನ್ ಇರುವುದಿಲ್ಲ.

ಇಷ್ಟು ಹೇಳಿದರೂ ಕೊರತೆಯ ಮುಖ್ಯ ಕಾರಣ ಇದಲ್ಲ. ನನ್ನ ಅನುಭವದಲ್ಲಿ ವ್ಯಾಗನ್ ಕೊರತೆ ಎಂದು ನಾವು ಕರೆಯುವುದರಲ್ಲಿ ಬಹುಪಾಲು ವ್ಯಾಗನ್ ನಿಂತಲ್ಲೇ ನಿಲ್ಲುವ ಸಮಸ್ಯೆ. ಒಂದು ರೇಕ್ ಒಮ್ಮೆ ತುಂಬಿದ ಮೇಲೆ ಮತ್ತೊಮ್ಮೆ ತುಂಬಲು ಸಿದ್ಧವಾಗಿ ಬರುವವರೆಗಿನ ಅವಧಿಯನ್ನು ಟರ್ನ್‌ರೌಂಡ್ ಎನ್ನುತ್ತಾರೆ. ವಾಡಿ ಕಡೆಯಿಂದ ಗುಂತಕಲ್, ಧರ್ಮಾವರಂ, ಯಲಹಂಕದ ದಾರಿಯಲ್ಲಿ ಬೆಂಗಳೂರಿಗೆ ಬರುವ ರೇಕ್ ಒಂದರ ದಿನಚರಿಯನ್ನು ಗಂಟೆಗಳಲ್ಲಿ ಬರೆದು ನೋಡೋಣ. ಇವು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿಗಳು, ಆದರೆ ವಾಸ್ತವಕ್ಕೆ ದೂರವಾದವಲ್ಲ. ಕಾರ್ಖಾನೆಯ ಸ್ವಂತ ಹಳಿಯಾದ ಸೈಡಿಂಗಿನಲ್ಲಿ ತುಂಬಲು 10 ಗಂಟೆ, ಎಂಜಿನ್ ಮತ್ತು ಚಾಲಕರಿಗಾಗಿ ಕಾಯಲು 6, ಸುಮಾರು 600 ಕಿಲೋಮೀಟರ್ ಓಟಕ್ಕೆ 28, ಗೂಡ್ಸ್ ಶೆಡ್ಡಿನಲ್ಲಿ ಹಿಂದಿನ ರೇಕ್ ಖಾಲಿಯಾಗದೆ ಹೊರಗೆ ಯಾವುದೋ ನಿಲ್ದಾಣದ ಲೂಪಿನಲ್ಲಿ ನಿಲ್ಲಲು 12, ಇಳಿಸಲು 18, ಖಾಲಿಯಾದ ಮೇಲೆ ಮತ್ತೆ ಎಂಜಿನ್ನಿಗಾಗಿ 8, ಖಾಲಿ ಮರಳಲು 28, ಪರೀಕ್ಷೆ ಮುಗಿಸಿ ಮತ್ತೆ ಸೈಡಿಂಗಿಗೆ ಬರಲು 10. ಒಟ್ಟು 120 ಗಂಟೆ, ಅಂದರೆ ಐದು ದಿನ. ಇದರಲ್ಲಿ ಸರಕು ಹೊತ್ತು ಓಡಿದ್ದು ಕೇವಲ 28 ಗಂಟೆ, ಕಾಲು ಭಾಗಕ್ಕಿಂತಲೂ ಕಡಿಮೆ.

ಈ ದಾರಿಯಲ್ಲಿ ಹತ್ತು ರೇಕ್‌ಗಳು ಓಡುತ್ತಿದ್ದರೆ ತಿಂಗಳಿಗೆ 60 ಬಾರಿ ಸರಕು ಬಂದೀತು. ಈಗ ಹೊರಗೆ ಕಾಯುವ 12 ಗಂಟೆಯನ್ನು 4ಕ್ಕೂ, ಇಳಿಸುವ 18 ಗಂಟೆಯನ್ನು 10ಕ್ಕೂ ತನ್ನಿ. ಟರ್ನ್‌ರೌಂಡ್ 104 ಗಂಟೆಗೆ ಇಳಿಯುತ್ತದೆ, ಅದೇ ಹತ್ತು ರೇಕ್‌ಗಳಲ್ಲಿ ತಿಂಗಳಿಗೆ 69 ಬಾರಿ ಸರಕು ಬರುತ್ತದೆ. ಒಂದು ಹೊಸ ವ್ಯಾಗನ್ನನ್ನೂ ಕೊಳ್ಳದೆ, ಒಂದು ಗಾಡಿಯನ್ನೂ ವೇಗವಾಗಿ ಓಡಿಸದೆ ಹೆಚ್ಚುವರಿಯಾಗಿ ಒಂಬತ್ತು ರೇಕ್, ಅಂದರೆ ಹತ್ತಿರಹತ್ತಿರ 36,000 ಟನ್. ವ್ಯಾಗನ್ ಇಲ್ಲವೆಂದು ಕಾರ್ಖಾನೆಯವರು ನಿಮಗೆ ಹೇಳುವಾಗ, ಆ ವ್ಯಾಗನ್ ಬಹುಶಃ ನಿಮ್ಮ ಊರಿನ ಹತ್ತಿರದಲ್ಲೇ ಯಾರದೋ ಸಿಮೆಂಟು ಹೊತ್ತುಕೊಂಡು ಹಮಾಲರಿಗಾಗಿ ಕಾಯುತ್ತಿರುತ್ತದೆ.

ಹೀಗಾಗಿ ಗೂಡ್ಸ್ ಶೆಡ್ಡಿನೊಳಕ್ಕೆ ಹೋಗಲೇಬೇಕು, ನಿಮ್ಮ 350 ರೂಪಾಯಿ ಕರಗುವುದೂ ಅಲ್ಲೇ.

ಬಿಸಿಎನ್‌ಎಚ್‌ಎಲ್ ರೇಕ್ ಎಂದರೆ ಸಾಮಾನ್ಯವಾಗಿ 58 ವ್ಯಾಗನ್, ಒಂದೊಂದರಲ್ಲಿ ಸುಮಾರು 70 ಟನ್. ಐವತ್ತು ಕೆಜಿಯ ಲೆಕ್ಕದಲ್ಲಿ ಒಂದು ವ್ಯಾಗನ್ನಿಗೆ 1400 ಚೀಲ, ಇಡೀ ರೇಕಿಗೆ 81,200 ಚೀಲ. ಒಂದು ವ್ಯಾಗನ್ನಿನ ಉದ್ದ ಹನ್ನೊಂದು ಮೀಟರಿನಷ್ಟಿರುವುದರಿಂದ ವ್ಯಾಗನ್‌ಗಳ ಸಾಲೇ 636 ಮೀಟರ್ ಆಗುತ್ತದೆ. ಅಷ್ಟು ಉದ್ದದ ಪ್ಲಾಟ್‌ಫಾರಂ ಇಲ್ಲದ ಗೂಡ್ಸ್ ಶೆಡ್ಡಿನಲ್ಲಿ ರೇಕನ್ನು ಎರಡು ತುಂಡು ಮಾಡಿ, ಮೊದಲರ್ಧವನ್ನು ಇಳಿಸಿ, ಎಂಜಿನ್ ತರಿಸಿ ಅದನ್ನು ಎಳೆದು, ಉಳಿದರ್ಧವನ್ನು ತಂದು ನಿಲ್ಲಿಸಬೇಕು. ಇಳಿಸುವ ವೇಗ ಎಷ್ಟೇ ಇದ್ದರೂ ಈ ಶಂಟಿಂಗಿನಲ್ಲಿ ಎರಡು ಮೂರು ಗಂಟೆ ಹೋಗುತ್ತದೆ.

ಕೈಯಿಂದ ಇಳಿಸುವ ಮುಚ್ಚಿದ ವ್ಯಾಗನ್‌ಗಳ ರೇಕಿಗೆ ರೈಲ್ವೆ ಕೊಡುವ ಉಚಿತ ಅವಧಿ, ವ್ಯಾಗನ್ನಿನ ಜಾತಿಯನ್ನು ಅವಲಂಬಿಸಿ, ಒಂಬತ್ತರಿಂದ ಹನ್ನೊಂದು ಗಂಟೆಯ ಆಸುಪಾಸಿನಲ್ಲಿದೆ. ಹನ್ನೊಂದೇ ಎಂದು ಹಿಡಿಯೋಣ. ಗಂಟೆಗೆ 7400 ಚೀಲ ಇಳಿಯಬೇಕು. ಲಾರಿಯನ್ನು ವ್ಯಾಗನ್ನಿನ ಬಾಗಿಲಿಗೇ ಹಿಮ್ಮುಖವಾಗಿ ತಂದು ನಿಲ್ಲಿಸಿದರೆ ಪಳಗಿದ ಹಮಾಲನೊಬ್ಬ ಗಂಟೆಗೆ ಸರಾಸರಿ 60 ಚೀಲ ಹೊರಬಲ್ಲ. ಬಾಗಿಲ ಬಳಿಯ ಚೀಲಗಳು ಬೇಗ ಖಾಲಿಯಾಗುತ್ತವೆ. ಆಮೇಲೆ ಎರಡೂ ತುದಿಗಳಿಂದ, ಸೆಕೆಯಲ್ಲಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಪ್ರತಿ ಚೀಲವನ್ನೂ ನಾಲ್ಕೈದು ಮೀಟರ್ ಒಳಗಿನಿಂದ ತರಬೇಕಾಗುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. 60 ಎಂಬುದು ಇವೆರಡರ ಸರಾಸರಿ. ಹಾಗಾದರೆ ಯಾವ ಕ್ಷಣದಲ್ಲೂ ಕೆಲಸದಲ್ಲಿರಬೇಕಾದವರು 123 ಮಂದಿ. ಹನ್ನೊಂದು ಗಂಟೆ ಎಡೆಬಿಡದೆ ಐವತ್ತು ಕೆಜಿ ಹೊರುವುದು ಮನುಷ್ಯನಿಂದಾಗದ ಮಾತು, ಆದ್ದರಿಂದ ಎರಡು ಪಾಳಿಗೆ ಸುಮಾರು 250 ಜನ ಬೇಕು. ನಮ್ಮ ಗೂಡ್ಸ್ ಶೆಡ್ಡುಗಳಲ್ಲಿ ಒಂದು ರೇಕಿಗೆ ನೂರು ಜನ ಸೇರಿದರೆ ಮೇಸ್ತ್ರಿ ಅದನ್ನು ಒಳ್ಳೆಯ ದಿನ ಎನ್ನುತ್ತಾನೆ. ನೂರು ಜನ ಎಂಟು ಗಂಟೆಯಲ್ಲಿ ಇಳಿಸುವುದು 48,000 ಚೀಲ. ಉಳಿದ 33,000 ಚೀಲ ಮರುದಿನಕ್ಕೆ.

ಲಾರಿಗಳ ಲೆಕ್ಕ ಇದಕ್ಕಿಂತ ಬಿಗಿ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿದ ಮೇಲೆ ಹತ್ತು ಚಕ್ರದ ಲಾರಿ ತನ್ನ ತೂಕವೂ ಸೇರಿ 28.5 ಟನ್ ಇರಬಹುದು, ಅಂದರೆ ಸುಮಾರು 18 ಟನ್ ಸರಕು. ನಿಮ್ಮ ರೇಕಿಗೆ ಅಂಥ 225 ಲೋಡುಗಳು ಬೇಕು. ತುಂಬಲು ಮುಕ್ಕಾಲು ಗಂಟೆ, ಮೂವತ್ತು ಕಿಲೋಮೀಟರಿನ ಅಂಗಡಿಗೆ ಹೋಗಲು ಒಂದೂವರೆ ಗಂಟೆ, ಅಲ್ಲಿ ಇಳಿಸಲು ಒಂದೂವರೆ, ಮರಳಲು ಮತ್ತೊಂದೂವರೆ ಎಂದರೆ ಒಂದು ಲಾರಿ ಹನ್ನೊಂದು ಗಂಟೆಯಲ್ಲಿ ಎರಡು ಬಾರಿ ಮಾತ್ರ ತಿರುಗೀತು. 110ಕ್ಕೂ ಹೆಚ್ಚು ಲಾರಿಗಳನ್ನು ಒಂದೇ ದಿನಕ್ಕೆ ಗೊತ್ತುಮಾಡಬೇಕು. ಬೆಂಗಳೂರಿನೊಳಗೆ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ಗೂಡ್ಸ್ ಶೆಡ್ಡಿನ ಗೇಟಿನಲ್ಲಿ ಒಂದೇ ತೂಕದ ಸೇತುವೆ, ಒಳಗಿನ ರಸ್ತೆ ಮಳೆಗಾಲದಲ್ಲಿ ಕೆಸರು. ಅಷ್ಟು ಲಾರಿ ಸಿಗದಿದ್ದರೆ ಚೀಲಗಳು ವ್ಯಾಗನ್ನಿನಿಂದ ಪ್ಲಾಟ್‌ಫಾರಂಗೆ ಇಳಿಯುತ್ತವೆ. ಆ ಕ್ಷಣಕ್ಕೆ ವ್ಯಾಗನ್ ಬಿಡುಗಡೆಯಾಗಿ, ವ್ಯಾಗನ್ ತಡೆದು ನಿಲ್ಲಿಸಿದ್ದಕ್ಕೆ ಕಟ್ಟುವ ಡೆಮರೇಜ್ ತಪ್ಪುತ್ತದೆ, ಆದರೆ ಅಲ್ಲಿಂದ ಸರಕು ರೈಲ್ವೆಯ ಜಾಗದಲ್ಲಿ ಕೂತದ್ದಕ್ಕೆ ಕಟ್ಟುವ ವಾರ್ಫೇಜ್ ಶುರುವಾಗುತ್ತದೆ, ಮತ್ತೆ ಎತ್ತಿ ಲಾರಿಗೆ ಹಾಕುವ ಹಮಾಲಿಯೂ ಎರಡನೆಯ ಬಾರಿ ಬೀಳುತ್ತದೆ.

ಉಚಿತ ಅವಧಿಯ ಗಡಿಯಾರಕ್ಕೆ ಹಗಲು ರಾತ್ರಿಯೆಂಬ ಭೇದವಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಸಾಗಣೆಯ ಹೊಣೆ ಹೊತ್ತಿದ್ದ ಒಂದು ರೇಕ್ ಜುಲೈ ತಿಂಗಳ ರಾತ್ರಿ ಹತ್ತಕ್ಕೆ ಇಳಿಸುವ ಜಾಗಕ್ಕೆ ಬಂದು ಪ್ಲೇಸ್ ಆಯಿತು. ಸಂದೇಶ ನಮಗೆ ಮುಟ್ಟಿದ್ದು ಎಂಟೂವರೆಗೆ. ಆ ಹೊತ್ತಿಗೆ ಹಮಾಲರು ಮನೆಗೆ ಹೋಗಿಯಾಗಿತ್ತು, ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲ ಬಾಗಿಲು ತೆರೆಯುವಾಗ ಒಂಬತ್ತು ಗಂಟೆ ಕಳೆದುಹೋಗಿತ್ತು. ಹನ್ನೊಂದರ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿಯಿತು. ಟಾರ್ಪಾಲ್ ಇಪ್ಪತ್ತು ಇದ್ದವು, ಬೇಕಾದದ್ದು ಅರವತ್ತು. ಪ್ಲಾಟ್‌ಫಾರಂ ಮೇಲಿದ್ದ ಚೀಲಗಳ ಕೆಳಸಾಲು ನೀರು ಹೀರಿತು. ಆ ರೇಕಿನಲ್ಲಿ ನಾವು ಕಳೆದುಕೊಂಡದ್ದು ಡೆಮರೇಜಿಗಿಂತ ಹೆಚ್ಚಾಗಿ ಆ ಕೆಳಸಾಲಿನ ಚೀಲಗಳಲ್ಲೇ.

ಡೆಮರೇಜನ್ನು ಎಲ್ಲರೂ ದೊಡ್ಡ ಭೂತವೆಂದು ಹೆದರುತ್ತಾರೆ, ಆದ್ದರಿಂದ ಅದರ ಗಾತ್ರವನ್ನೂ ನೋಡಿಬಿಡೋಣ. ಮೂಲ ದರ ಎಂಟು ಚಕ್ರದ ವ್ಯಾಗನ್ನಿಗೆ ಗಂಟೆಗೆ 150 ರೂಪಾಯಿ. 58 ವ್ಯಾಗನ್ನಿಗೆ ಗಂಟೆಗೆ 8700, ಐದು ಗಂಟೆ ತಡವಾದರೆ 43,500. ನಾಲ್ಕು ಸಾವಿರ ಟನ್ನಿಗೆ ಹಂಚಿದರೆ ಟನ್ನಿಗೆ ಹನ್ನೊಂದು ರೂಪಾಯಿ. ಗುಂಪು ಕಟ್ಟಿ ಹಂಚಿಕೊಂಡರೆ ತಡೆದುಕೊಳ್ಳಬಹುದಾದ ಮೊತ್ತ. ಅದೇ ಕಾರಣಕ್ಕೆ ಕೆಲವರು ಹಮಾಲರನ್ನು ಹೆಚ್ಚಿಸುವ ಬದಲು ಡೆಮರೇಜ್ ಕಟ್ಟುವುದೇ ಅಗ್ಗ ಎಂದು ನಿರ್ಧರಿಸುತ್ತಾರೆ, ಅವರ ಲೆಕ್ಕ ಆ ದಿನಕ್ಕೆ ಸರಿಯೂ ಹೌದು. ಆದರೆ ವಿಳಂಬ ರೂಢಿಯಾದರೆ ದರ ಹಂತ ಹಂತವಾಗಿ ಏರುತ್ತದೆ, ಆ ಟರ್ಮಿನಲ್ಲಿಗೆ ಬುಕಿಂಗನ್ನೇ ಕೆಲವು ದಿನ ನಿರ್ಬಂಧಿಸಬಹುದು. ಆಗ ಕಾರ್ಖಾನೆಯಲ್ಲಿ ನಿಮ್ಮ ಹೆಸರಿಗೆ ವ್ಯಾಗನ್ ಇಲ್ಲ ಎಂಬ ಉತ್ತರ ಮತ್ತೆ ಬರುತ್ತದೆ. ನಾನು ಮೇಲೆ ಹೇಳಿದ ಟರ್ನ್‌ರೌಂಡಿನ ಹದಿನೆಂಟು ಗಂಟೆ ಹುಟ್ಟುವುದು ಹೀಗೆ.

ಈಗ ನಿಮ್ಮ ಹಣದ ಲೆಕ್ಕ. ಬಾಡಿಗೆಯ ದರಗಳು ಬದಲಾಗುತ್ತಲೇ ಇರುವುದರಿಂದ ನಿಮ್ಮ ಅಂತರವನ್ನೇ ಹಿಡಿದು, ಲಾರಿಗೆ ಅಂಗಡಿಯ ಬಾಗಿಲವರೆಗೆ ಟನ್ನಿಗೆ 1400, ರೈಲಿಗೆ ತೆರಿಗೆ ಸೇರಿ ಗೂಡ್ಸ್ ಶೆಡ್ಡಿನವರೆಗೆ 1050 ಎಂದಿಟ್ಟುಕೊಳ್ಳೋಣ. ರೈಲಿನ ಬದಿಗೆ ಸೇರಬೇಕಾದವು ಇವು. ವ್ಯಾಗನ್ನಿನಿಂದ ಲಾರಿಗೆ ಹಾಕುವ ಹಮಾಲಿ ಚೀಲಕ್ಕೆ ಐದು ರೂಪಾಯಿಯಂತೆ ಟನ್ನಿಗೆ 100. ಗೂಡ್ಸ್ ಶೆಡ್ಡಿನಿಂದ ಅಂಗಡಿಗೆ ಮೂವತ್ತು ಕಿಲೋಮೀಟರಿನ ಲಾರಿ ಬಾಡಿಗೆ 180. ಹರಿದ, ಗಟ್ಟಿಯಾದ, ಎಣಿಕೆಗೆ ಬಾರದ ಚೀಲಗಳ ನಷ್ಟ, ಲಾರಿಯಲ್ಲಾಗುವುದಕ್ಕಿಂತ ಹೆಚ್ಚಾದದ್ದು, 20. ಡೆಮರೇಜ್, ವಾರ್ಫೇಜುಗಳ ಸರಾಸರಿ 15. ಗೋದಾಮಿನ ಬಾಡಿಗೆ ಮತ್ತು ಬಡ್ಡಿ 25. ಬಡ್ಡಿಯನ್ನು ಸುಮ್ಮನೆ ಸೇರಿಸಿಲ್ಲ: ಟನ್ನಿಗೆ 6000 ರೂಪಾಯಿಯಂತೆ ಒಂದು ರೇಕ್ ಸಿಮೆಂಟಿನ ಬೆಲೆ 2.4 ಕೋಟಿ, ಶೇಕಡಾ 12ರ ಬಡ್ಡಿಯಲ್ಲಿ ದಿನಕ್ಕೆ ಸುಮಾರು 7900 ರೂಪಾಯಿ. ಲಾರಿಯಲ್ಲಿ ಬಂದ ಸರಕು ಅಂದೇ ಬಿಕರಿಯಾದೀತು, ರೇಕಿನ ಸರಕು ವಾರಗಟ್ಟಲೆ ಕೂರುತ್ತದೆ. ಎಲ್ಲ ಕೂಡಿದರೆ 340 ರೂಪಾಯಿ. ಉಳಿದದ್ದು ಟನ್ನಿಗೆ ಹತ್ತು.

ಈ ಹತ್ತು ರೂಪಾಯಿಗಿಂತ ಮುಖ್ಯವಾದದ್ದು ಯಾವ ಸಾಲು ಬದಲಾದರೆ ಅದು ನೂರಾಗುತ್ತದೆ, ಯಾವುದು ಬದಲಾದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂಬುದು. ಅಂಗಡಿಗಳು ಗೂಡ್ಸ್ ಶೆಡ್ಡಿನಿಂದ ಹತ್ತು ಕಿಲೋಮೀಟರಿನೊಳಗಿದ್ದು ಸ್ಥಳೀಯ ಬಾಡಿಗೆ 180ರಿಂದ 90ಕ್ಕೆ ಇಳಿದರೆ ನಿಮಗೆ ನೂರು ರೂಪಾಯಿ ಉಳಿಯುತ್ತದೆ. ನಿಮ್ಮ ಗಿರಾಕಿಗಳು ದೊಡ್ಡಬಳ್ಳಾಪುರ ಅಥವಾ ನೆಲಮಂಗಲದ ಸುತ್ತಲೇ ಇದ್ದರೆ ಇದು ಸಾಧ್ಯ, ಆನೇಕಲ್ಲಿನ ಕಡೆಗಿದ್ದರೆ ಆ ಶೆಡ್ಡುಗಳಿಂದ ಸಾಧ್ಯವಿಲ್ಲ. ಅದೇ ರೇಕಿನ ಅರ್ಧ ಸರಕು ನೇರವಾಗಿ ಲಾರಿಗೆ ಹೋಗದೆ ಮೊದಲು ಗೋದಾಮಿಗೆ ಹೋದರೆ, ಆ ಭಾಗಕ್ಕೆ ಮತ್ತೊಂದು ಇಳಿಸುವಿಕೆ, ಮತ್ತೊಂದು ತುಂಬುವಿಕೆ, ಮತ್ತೊಂದು ಲಾರಿ ಬೀಳುತ್ತದೆ, ಆಗ ರೈಲು ನಷ್ಟವೇ. ಇನ್ನು ದೂರ. ಎರಡೂ ತುದಿಯ ಖರ್ಚು ದೂರದೊಂದಿಗೆ ಬೆಳೆಯುವುದಿಲ್ಲ, ಬೆಳೆಯುವುದು ಬಾಡಿಗೆಯ ಅಂತರ ಮಾತ್ರ. ಅದೇ ಸರಕು ಮುನ್ನೂರು ಕಿಲೋಮೀಟರಿಗೆ ಹೋಗುವುದಾದರೆ ಅಂತರ ಅರ್ಧಕ್ಕಿಂತ ಕೆಳಗಿಳಿಯುತ್ತದೆ, 340 ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ವಾಡಿಯಿಂದ ಬಳ್ಳಾರಿಗೆ ಚೀಲದ ಸಿಮೆಂಟು ರೈಲಿನಲ್ಲಿ ಬರಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಕೇರಳಕ್ಕೆ ಎಂದರೆ ಎರಡನೆಯ ಮಾತಿಲ್ಲದೆ ಒಪ್ಪುತ್ತೇನೆ. ನಿಮ್ಮ 600 ಕಿಲೋಮೀಟರು ಇವೆರಡರ ನಡುವಿನ ಅಂಚಿನಲ್ಲಿದೆ.

ಲಾರಿಯ 1400 ಕೂಡ ಸ್ಥಿರವಲ್ಲ. ಅದನ್ನು ನಿರ್ಧರಿಸುವುದು ಡೀಸೆಲ್ಲಿನಷ್ಟೇ ಮರಳುವಾಗಿನ ಲೋಡು. ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಲಬುರಗಿಯ ಲಾರಿಗಳಿಗೆ ಬೇರೆ ಕೆಲಸ ಸಿಗುತ್ತದೆ, ಸಿಮೆಂಟಿನ ಬಾಡಿಗೆ ಏರುತ್ತದೆ. ಮಳೆಗಾಲದಲ್ಲಿ ಕಟ್ಟಡ ಕೆಲಸ ನಿಂತು ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಅದೇ ಬಾಡಿಗೆ ಮುನ್ನೂರು ರೂಪಾಯಿ ಇಳಿದುಬಿಡಬಹುದು, ಆಗ ರೈಲಿನ ಮಾತೇ ಬೇಡ. 2018ರ ಆಕ್ಸಲ್ ತಿದ್ದುಪಡಿಯಿಂದ ಆರು ಆಕ್ಸಲಿನ ಟ್ರೇಲರಿನ ಒಟ್ಟು ತೂಕದ ಮಿತಿ 49 ಟನ್ನಿನಿಂದ 55ಕ್ಕೆ ಏರಿದಾಗ, ಅದೇ ಚಾಲಕ, ಹೆಚ್ಚುಕಡಿಮೆ ಅದೇ ಡೀಸೆಲ್, ಆರು ಟನ್ ಹೆಚ್ಚು ಸರಕು ಎಂದಾಯಿತು. ಸಿಮೆಂಟು ರೈಲಿನಿಂದ ರಸ್ತೆಗೆ ಸರಿಯಲು ಅದೂ ಒಂದು ಕಾರಣ.

ಕಲ್ಲಿದ್ದಲಿಗೆ ಈ ಯಾವ ತಾಪತ್ರಯವೂ ಇಲ್ಲದಿರುವುದಕ್ಕೆ ಕಾರಣ ಅದಕ್ಕೆ ಚೀಲವಿಲ್ಲದಿರುವುದು, ಗಿರಾಕಿ ಒಬ್ಬನೇ ಆಗಿರುವುದು. ನೀವು ಕಂಡ ರಾಯಚೂರಿನ ಸ್ಥಾವರ, ಅಂದರೆ ಶಕ್ತಿನಗರದ್ದು, ಅದರ ಸಾಮರ್ಥ್ಯ 1720 ಮೆಗಾವಾಟ್. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ, ಎಲ್ಲ ಘಟಕಗಳೂ ಪೂರ್ಣವಾಗಿ ಓಡುವ ದಿನ ಅದಕ್ಕೆ ಬೇಕಾಗುವುದು 29,000 ಟನ್, ಅಂದರೆ ಏಳು ರೇಕ್. ಲಾರಿಯಲ್ಲಾದರೆ ದಿನಕ್ಕೆ ಸಾವಿರ ಟ್ರೇಲರ್, ಒಂದೂವರೆ ನಿಮಿಷಕ್ಕೊಂದು, ಹಗಲೂ ರಾತ್ರಿಯೂ. ಅಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಇಳಿಸುವುದೂ ಬೇರೆ ರೀತಿ. ತೆರೆದ ವ್ಯಾಗನ್ನನ್ನು ವ್ಯಾಗನ್ ಟಿಪ್ಲರ್ ಎಂಬ ಯಂತ್ರ ಹಿಡಿದು ಮಗುಚಿಬಿಡುತ್ತದೆ. ಒಂದು ವ್ಯಾಗನ್ನಿಗೆ ಐದು ನಿಮಿಷ ಎಂದರೂ ಇಡೀ ರೇಕ್ ಐದು ಗಂಟೆಯಲ್ಲಿ ಮುಗಿಯುತ್ತದೆ. ತಳದ ಬಾಗಿಲಿನ ಹಾಪರ್ ವ್ಯಾಗನ್‌ಗಳಾದರೆ ಹಳಿಯ ಕೆಳಗಿನ ಗುಂಡಿಯ ಮೇಲೆ ನಿಂತು ಬಾಗಿಲು ತೆರೆದುಕೊಳ್ಳುತ್ತವೆ, ಅವಕ್ಕೆ ರೈಲ್ವೆ ಕೊಡುವ ಉಚಿತ ಅವಧಿಯೇ ಎರಡೂವರೆ ಗಂಟೆ. ಗಣಿಯ ತುದಿಯಲ್ಲಿ ಸೈಲೋ ಇದ್ದರೆ ಗಾಡಿ ಅದರ ಕೆಳಗೆ ತೆವಳುತ್ತಾ ಸಾಗುವಾಗಲೇ ತುಂಬಿಹೋಗುತ್ತದೆ.

ಹಾಗೆಂದು ಕಲ್ಲಿದ್ದಲಿನಲ್ಲಿ ತೊಡಕಿಲ್ಲವೆಂದಲ್ಲ. ಮಳೆಗಾಲದಲ್ಲಿ ಒದ್ದೆಯಾದ ಪುಡಿ ವ್ಯಾಗನ್ನಿನ ತಳಕ್ಕೆ ಜೇಡಿಮಣ್ಣಿನಂತೆ ಅಂಟಿಕೊಳ್ಳುತ್ತದೆ, ಮಗುಚಿದರೂ ಬೀಳುವುದಿಲ್ಲ, ಕೆಳಗಿನ ಜಾಲರಿಯ ಮೇಲೆ ಬಂಡೆಗಾತ್ರದ ತುಂಡುಗಳು ಕೂತು ಟಿಪ್ಲರ್ ನಿಲ್ಲುತ್ತದೆ. ಟಿಪ್ಲರ್ ಮಾತ್ರ ಇರುವ ಸ್ಥಾವರಕ್ಕೆ ಹಾಪರ್ ರೇಕ್ ಕಳಿಸಿದರೆ, ಅಥವಾ ಹಳಿಯ ಗುಂಡಿ ಮಾತ್ರ ಇರುವಲ್ಲಿಗೆ ತೆರೆದ ವ್ಯಾಗನ್ ಕಳಿಸಿದರೆ, ಇಳಿಸುವುದಕ್ಕೇ ಆಗುವುದಿಲ್ಲ. ಕೊಪ್ಪಳ, ಬಳ್ಳಾರಿಯ ಸ್ಪಂಜ್ ಕಬ್ಬಿಣದ ಸಣ್ಣ ಘಟಕಗಳ ಸ್ಥಿತಿಯಂತೂ ನಿಮ್ಮದರಂತೆಯೇ: ದಿನಕ್ಕೆ 150 ಟನ್ ಸುಡುವವನಿಗೆ ಒಂದು ರೇಕ್ ಎಂದರೆ ಸುಮಾರು ನಾಲ್ಕು ವಾರದ ದಾಸ್ತಾನು, ಹಣ ಅಷ್ಟು ದಿನ ಬಯಲಿನಲ್ಲಿ ಬಿದ್ದಿರುತ್ತದೆ, ಆದ್ದರಿಂದ ಅವನು ಬಂದರಿನಿಂದ ಲಾರಿಯಲ್ಲೇ ತರಿಸುತ್ತಾನೆ. ಅಂದರೆ ರೈಲು ಹೊಂದುವುದು ಕಲ್ಲಿದ್ದಲಿಗೆ ಎನ್ನುವುದಕ್ಕಿಂತ ರೇಕನ್ನು ಒಮ್ಮೆಗೇ ನುಂಗಬಲ್ಲ ಗಿರಾಕಿಗೆ ಎನ್ನುವುದು ಸರಿ.

ಸಿಮೆಂಟಿನಲ್ಲೂ ಚೀಲವನ್ನು ಬಿಟ್ಟರೆ ಈ ಅನುಕೂಲದ ಹತ್ತಿರಕ್ಕೆ ಹೋಗಬಹುದು. ಬಿಡಿ ಸಿಮೆಂಟನ್ನು ತೊಟ್ಟಿಯಾಕಾರದ ವ್ಯಾಗನ್ನಿನಲ್ಲೋ ಟ್ಯಾಂಕ್ ಕಂಟೇನರಿನಲ್ಲೋ ತಂದು, ಗಾಳಿಯ ಒತ್ತಡದಿಂದ ಸೈಲೋಗೆ ಏರಿಸಿ, ಅಲ್ಲಿಂದ ರೆಡಿಮಿಕ್ಸ್ ಘಟಕಗಳಿಗೆ ಬಲ್ಕರ್ ಎಂಬ ಟ್ಯಾಂಕರ್ ಲಾರಿಯಲ್ಲಿ ಕಳಿಸುವ ಪದ್ಧತಿ ಬೆಳೆಯುತ್ತಿದೆ. ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳಾದ ಕ್ಲಿಂಕರನ್ನು ರೈಲಿನಲ್ಲಿ ಸಾಗಿಸಿ ನಗರದ ಹತ್ತಿರ ಅರೆಯುವುದು ಇನ್ನೊಂದು ದಾರಿ. ಕಲ್ಲಿದ್ದಲು ಇಳಿಸಿ ಖಾಲಿ ಮರಳುವ ತೆರೆದ ವ್ಯಾಗನ್ನಿಗೆ ಕ್ಲಿಂಕರ್ ತುಂಬಿದರೆ ಚೆನ್ನಲ್ಲವೇ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಚೆನ್ನ. ಆದರೆ ಕಲ್ಲಿದ್ದಲಿನ ಒತ್ತಡ ಹೆಚ್ಚಿದ್ದಾಗ ಖಾಲಿ ರೇಕ್ ಒಂದು ದಿನ ಕ್ಲಿಂಕರಿಗಾಗಿ ನಿಲ್ಲುವುದಕ್ಕಿಂತ ನೇರವಾಗಿ ಗಣಿಗೆ ಓಡುವುದೇ ಲಾಭವೆಂದು ರೈಲ್ವೆ ನಿರ್ಧರಿಸುತ್ತದೆ, ಅದನ್ನು ತಪ್ಪೆನ್ನಲಾಗದು. ಇವೆಲ್ಲ ಕಾರ್ಖಾನೆಗಳು ಮಾಡಬೇಕಾದ ಹೂಡಿಕೆಗಳು. ರೈಲ್ವೆಯ 2018ರ ಯೋಜನೆಯಂತೆ ಸ್ವಂತ ವ್ಯಾಗನ್ ಕೊಳ್ಳುವುದು, 2021ರ ಗತಿಶಕ್ತಿ ಕಾರ್ಗೋ ಟರ್ಮಿನಲ್ ನೀತಿಯಂತೆ ಸ್ವಂತ ಟರ್ಮಿನಲ್ ಕಟ್ಟುವುದು ಕೂಡ ಅವರಿಗೆ ಬಿಟ್ಟದ್ದು. ಸಗಟು ವ್ಯಾಪಾರಿಯ ಕೈಗೆ ಅವು ನಿಲುಕುವುದಿಲ್ಲ.

ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ. ನಿಮ್ಮ ತಿಂಗಳ ವಹಿವಾಟು ಒಂದು ಪೂರ್ಣ ರೇಕಿಗಿಂತ ಕಡಿಮೆ, ಆದ್ದರಿಂದ ಒಬ್ಬರೇ ರೇಕ್ ತರಿಸುವುದು ಬೇಡ. ಇಪ್ಪತ್ತು ವ್ಯಾಗನ್ನಿನಿಂದ ಶುರುವಾಗುವ ಮಿನಿ ರೇಕ್ ಎಂಬುದೊಂದಿದೆ, ರೇಕನ್ನು ಎರಡು ನಿಲ್ದಾಣಗಳಲ್ಲಿ ಇಳಿಸುವ ಅವಕಾಶವೂ ಉಂಟು. ಆದರೆ ಅವುಗಳಿಗೆ ಷರತ್ತುಗಳೂ ಕೆಲವೊಮ್ಮೆ ಹೆಚ್ಚುವರಿ ಶುಲ್ಕವೂ ಇರುತ್ತವೆ, ನಿಮ್ಮ ಹತ್ತು ರೂಪಾಯಿ ಅದನ್ನು ತಾಳುವುದಿಲ್ಲ. ಅದೇ ಗೂಡ್ಸ್ ಶೆಡ್ಡಿನ ಹದಿನೈದು ಕಿಲೋಮೀಟರ್ ಆಸುಪಾಸಿನ ಮೂರು ನಾಲ್ಕು ವ್ಯಾಪಾರಿಗಳು ಸೇರಿ, ಕಾರ್ಖಾನೆಯ ಹೆಸರಿನಲ್ಲೇ ಇಂಡೆಂಟ್ ಹಾಕಿಸಿ, ಚೀಲಗಳನ್ನು ವ್ಯಾಗನ್ ಬಾಗಿಲಿನಿಂದಲೇ ಹಂಚಿಕೊಳ್ಳುವುದಾದರೆ ಮಾತ್ರ ಮುಂದುವರಿಯಿರಿ. ನಿಮ್ಮ ಒಟ್ಟು ಸರಕಿನಲ್ಲಿ ಅರ್ಧವನ್ನಷ್ಟೇ ರೈಲಿಗೆ ಕೊಡಿ. ಲಾರಿ ಮಾಲೀಕರನ್ನು ಪೂರ್ತಿ ಬಿಟ್ಟರೆ, ರೇಕ್ ಬಾರದ ವಾರದಲ್ಲಿ ಅವರು ನಿಮ್ಮನ್ನು ಗುರುತಿಸುವುದಿಲ್ಲ.

ಒಪ್ಪುವ ಮುನ್ನ, ಆ ಗೂಡ್ಸ್ ಶೆಡ್ಡಿನಲ್ಲಿ ಈಚೆಗೆ ಇಳಿದ ಆರು ಸಿಮೆಂಟ್ ರೇಕ್‌ಗಳ ಪ್ಲೇಸ್‌ಮೆಂಟ್ ಸಮಯ ಮತ್ತು ರಿಲೀಸ್ ಸಮಯವನ್ನು ಸಾಗಣೆದಾರರಿಂದ ಬರೆದು ತರಿಸಿಕೊಳ್ಳಿ. ಅಂತರ ಹದಿಮೂರು ಗಂಟೆಯೊಳಗಿದ್ದರೆ ಅಲ್ಲಿ ಹಮಾಲರೂ ಲಾರಿಗಳೂ ಇದ್ದಾರೆಂದರ್ಥ. ಇಪ್ಪತ್ತು ದಾಟಿದ್ದರೆ ನನ್ನ ಲೆಕ್ಕದ 15 ರೂಪಾಯಿಯ ಸಾಲನ್ನು ನಲವತ್ತೆಂದು ತಿದ್ದಿಕೊಳ್ಳಿ. ಆರರಲ್ಲಿ ಎಷ್ಟು ರೇಕ್ ರಾತ್ರಿ ಪ್ಲೇಸ್ ಆದವೆಂಬುದನ್ನೂ ಕೇಳಿ. ರಾತ್ರಿ ಪಾಳಿಗೆ ಹಮಾಲರು ಒಪ್ಪದ ಶೆಡ್ಡಾದರೆ ರೇಕ್ ಬರುವ ಗಂಟೆಯೇ ನಿಮ್ಮ ಲಾಭವನ್ನು ನಿರ್ಧರಿಸುತ್ತದೆ.

ಕೊನೆಯದಾಗಿ, ಹೆಚ್ಚಿನವರು ಕಡೆಗಣಿಸುವ ಒಂದು ವಿಷಯ. ಸೈಡಿಂಗಿನಲ್ಲಿ ರೈಲ್ವೆ ಸಿಬ್ಬಂದಿ ಚೀಲ ಎಣಿಸುವುದಿಲ್ಲವಾದ್ದರಿಂದ ರೈಲ್ವೆ ರಸೀದಿಯಲ್ಲಿ ‘ಸೆಡ್ ಟು ಕಂಟೇನ್’ ಎಂದು ಬರೆದಿರುತ್ತದೆ, ಅಂದರೆ ಇಷ್ಟು ಚೀಲ ಇದೆಯೆಂಬುದು ಕಳಿಸಿದವರ ಮಾತು ಮಾತ್ರ. ಕಡಿಮೆ ಬಿದ್ದರೆ ಪರಿಹಾರ ಪಡೆಯುವುದು ಬಹಳ ಕಷ್ಟ. ಒದ್ದೆಯಾದ ಚೀಲದ ವಿಷಯದಲ್ಲೂ ವಾದ ಶುರುವಾಗುವುದು ವ್ಯಾಗನ್ ಮೊದಲೇ ಸೋರುತ್ತಿತ್ತೇ ಎಂಬಲ್ಲಿಂದ. ಆದ್ದರಿಂದ ತುಂಬುವ ಮೊದಲೇ ಪ್ರತಿ ವ್ಯಾಗನ್ನಿನೊಳಗೆ ಒಬ್ಬರು ನಿಂತು, ಹಗಲಿನಲ್ಲಿ ಎಲ್ಲ ಬಾಗಿಲುಗಳನ್ನೂ ಮುಚ್ಚಿಸಿ, ಬೆಳಕು ಎಲ್ಲಿಂದ ನುಸುಳುತ್ತದೆಂದು ನೋಡಬೇಕು. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಅಂಥ ವ್ಯಾಗನ್ನನ್ನು ತುಂಬದೆ ಬಿಡಬೇಕು, ಇಲ್ಲವೇ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಒಡ್ಡಿ, ಚೀಲಗಳನ್ನು ಬಾಗಿಲಿನಿಂದ ಒಂದಡಿ ದೂರದಲ್ಲಿ ಪೇರಿಸಬೇಕು. ಹಿಂದಿನ ಸಲ ಆ ವ್ಯಾಗನ್ನಿನಲ್ಲಿ ಗೊಬ್ಬರವೋ ಉಪ್ಪೋ ಬಂದಿದ್ದರೆ ನೆಲದ ಮೇಲೆ ಉಳಿದ ಪುಡಿ ತೇವ ಹೀರಿ ಕೆಳಸಾಲಿನ ಚೀಲಗಳನ್ನು ಕೆಡಿಸುವುದರಿಂದ ಗುಡಿಸಿಯೇ ತುಂಬಿಸಬೇಕು. ಈ ಪರೀಕ್ಷೆಗೆ ಕಾರ್ಖಾನೆಯವರು ಒಬ್ಬ ಮನುಷ್ಯನನ್ನು ಇಡುತ್ತಾರೆಯೇ ಎಂದು ಕೇಳಿ, ಇಡುವುದಿಲ್ಲವೆಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಲಾರಿಯಲ್ಲೇ ತರಿಸಿಕೊಳ್ಳಿ.